ಸ್ಲೈಡಿನಲ್ಲಿ ಬುಲೆಟ್ ಸಾಲಾ, ಎರಡು ಚೌಕನಾ?
2003ರಲ್ಲಿ ಕೊಲಂಬಿಯಾ ನೌಕೆ ಮೇಲೇರುವಾಗ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಹಾನಿಯ ಬಗ್ಗೆ ನಾಸಾಗೆ ತೋರಿಸಿದ ಸ್ಲೈಡಿನಲ್ಲಿ ಬುಲೆಟ್ ಒಳಗೆ ಬುಲೆಟ್, ಮುಖ್ಯ ಮಾತು ತೀರಾ ಕೆಳಗೆ: ಪರೀಕ್ಷೆಯ ತುಂಡು 3 ಘನ ಇಂಚು, ಬಡಿದದ್ದು ಅಂದಾಜು 1920. ಅಂದ್ರೆ 640 ಪಟ್ಟು! ನೌಕೆ ನಾಶವಾದ ಮೇಲೆ ತನಿಖಾ ಮಂಡಳಿ ಈ ಸ್ಲೈಡನ್ನೇ ಟೀಕಿಸಿತು.

ಇದನ್ನೇ ವಿಸ್ತೀರ್ಣದಲ್ಲಿ 640 ಪಟ್ಟು ವ್ಯತ್ಯಾಸ ಇರುವಂತೆ ಅಕ್ಕಪಕ್ಕ ಎರಡು ಚೌಕವಾಗಿ ಬರೆದರೆ, ಚಿಕ್ಕದರ ಬದಿ 5 ಮಿಲಿಮೀಟರ್, ದೊಡ್ಡದರದ್ದು ಸುಮಾರು 12.6 ಸೆಂಟಿಮೀಟರ್, ಕೊನೇ ಸಾಲಲ್ಲಿ ಕೂತವರಿಗೂ ಕಾಣುತ್ತದೆ ಅಲ್ವಾ? ಕಂಬದ ಚಿತ್ರ ಮಾತ್ರ ಬೇಡ, ಅದೇ ಅಳತೆಗೆ 3 ಮೀಟರ್ ದಾಟುತ್ತದೆ.

ಯಾವುದು ಬೇಕು ಅಂತ ಗೊಂದಲವಾದರೆ ಸಾಲುಗಳನ್ನು ಸುಮ್ನೆ ಹಿಂದೆಮುಂದೆ ಮಾಡಿ. ಅರ್ಥ ಕೆಡದಿದ್ದರೆ, ಒಂದನ್ನು ಇನ್ನೊಂದರ ಜೊತೆ ಹೋಲಿಸುವುದೂ ಇಲ್ಲದಿದ್ದರೆ, ಬುಲೆಟ್ಟೇ ಸಾಕು.