ಮಡಿಕೇರಿಯಲ್ಲಿ ‘ಜೈನ್ ಊಟ’ದ ಬೋರ್ಡ್ ನಂಬುವ ಮೊದಲು ಗ್ರೇವಿ ಯಾವುದು ಅಂತ ಕೇಳಿ

ಕಂದಮೂಲ ತಿನ್ನದ ಹಿರಿಯರನ್ನು ಕರೆದುಕೊಂಡು ಮಡಿಕೇರಿ, ಕುಶಾಲನಗರದ ಕಡೆ ಬರುವವರು ದಯವಿಟ್ಟು ಇದನ್ನು ಓದಿ. ‘ಜೈನ್ ಊಟ ಸಿಗುತ್ತದೆ’ ಅಂತ ಹೊರಗೆ ಬರೆದಿದೆ ಅಂದ ಮಾತ್ರಕ್ಕೆ ಹೋಗಿ ಕೂರಬೇಡಿ.

ನಮ್ಮ ಅತ್ತೆ-ಮಾವ ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಹಾಗಾಗಿ ಸಂಜೆ ಆರಕ್ಕೇ ಹೋಟೆಲಿನಲ್ಲಿ ಕೂತಿದ್ದೆವು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಹಸಿ ಶುಂಠಿ ಯಾವುದೂ ಬೇಡ ಅಂತ ಒಂದೊಂದಾಗಿ ಬಿಡಿಸಿ ಹೇಳಿದ್ದಾಯಿತು. “ಗೊತ್ತು ಮೇಡಂ, ದಿನಾ ಮಾಡ್ತೀವಿ” ಅಂದರು. ಪನೀರ್ ಬಟರ್ ಮಸಾಲಾ, ದಾಲ್, ರೋಟಿ ಹೇಳಿದೆವು. ಹತ್ತೇ ನಿಮಿಷಕ್ಕೆ ಎಲ್ಲ ಟೇಬಲ್ ಮೇಲಿತ್ತು. ಅತ್ತೆ ಎರಡು ತುತ್ತು ತಿಂದು ಕೈ ನಿಲ್ಲಿಸಿದರು. ದಾಲ್‌ನಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ ಚೂರು.

ಕರೆದು ತೋರಿಸಿದರೆ, “ಒಗ್ಗರಣೇಲಿ ಒಂದು ಬಂದಿರ್ಬೇಕು, ತೆಗೆದು ಕೊಡ್ತೀನಿ” ಅಂದರು. ತೆಗೆದು ಕೊಡುವುದಂತೆ! ಹಾಗಾದರೆ ಪನೀರ್ ಕಥೆ ಏನು ಅಂತ ಕೇಳಿದಾಗ ಬಂದ ಉತ್ತರ ಇವತ್ತಿಗೂ ಮೈ ಉರಿಸುತ್ತದೆ: “ಈರುಳ್ಳಿ ಹಾಕಿಲ್ಲ ಮೇಡಂ, ಗ್ರೇವಿಯಲ್ಲಿ ಮಾತ್ರ ಇದೆ. ಅದು ಪೇಸ್ಟ್, ಕಾಣೋದೇ ಇಲ್ಲ.”

ಗ್ರೇವಿಯಲ್ಲಿ ಮಾತ್ರ! ಇದೇ ಎಲ್ಲ ಕಡೆ ನಡೆಯುವ ಮೋಸ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಹೋಟೆಲಿನವರು ನಮ್ಮ ಆರ್ಡರ್ ಬಂದ ಮೇಲೆ ಮಸಾಲೆ ರುಬ್ಬುವುದಿಲ್ಲ. ಗ್ರೇವಿಗಳನ್ನು ಮೊದಲೇ ದೊಡ್ಡ ಪಾತ್ರೆಗಳಲ್ಲಿ ಮಾಡಿಟ್ಟಿರುತ್ತಾರೆ. ಕಂದು ಗ್ರೇವಿಗೆ ಹುರಿದ ಈರುಳ್ಳಿ, ಕೆಂಪು ಗ್ರೇವಿಗೆ ಟೊಮೆಟೊ ಜೊತೆ ಶುಂಠಿ-ಬೆಳ್ಳುಳ್ಳಿ ಪೇಸ್ಟ್. ಬಿಳಿ ಗ್ರೇವಿ ನೋಡಲು ಬರೀ ಗೋಡಂಬಿಯ ಹಾಗೆ ಇರುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಬೇಯಿಸಿ ರುಬ್ಬಿದ ಈರುಳ್ಳಿ ಇರುತ್ತದೆ. ಆರ್ಡರ್ ಬಂದಾಗ ಇದೊಂದು ಸೌಟು, ಅದೊಂದು ಸೌಟು ಬಾಣಲೆಗೆ ಸುರಿದು ಪನೀರ್ ಹಾಕಿ ಕೊಡುತ್ತಾರೆ. “ಈರುಳ್ಳಿ ಹಾಕಬೇಡಿ” ಅಂದರೆ ಮೇಲೆ ಹೆಚ್ಚಿ ಹಾಕುವ ಈರುಳ್ಳಿಯನ್ನಷ್ಟೇ ಬಿಡುತ್ತಾರೆ.

ಹಾಗಾಗಿ ಈರುಳ್ಳಿ ಇದೆಯಾ ಅಂತ ಕೇಳಬೇಡಿ. “ಮಾಡಿಟ್ಟ ಗ್ರೇವಿ ಬಿಟ್ಟು, ತೊಳೆದ ಬಾಣಲೆಯಲ್ಲಿ ಹೊಸದಾಗಿ ಮಾಡಿಕೊಡ್ತೀರಾ?” ಅಂತ ಕೇಳಿ. ಇಬ್ಬರಿಗೆ ನಾಲ್ಕು ಟೊಮೆಟೊ, ಬಿಸಿನೀರಲ್ಲಿ ನೆನೆಸಿದ ಹತ್ತು-ಹನ್ನೆರಡು ಗೋಡಂಬಿ, ಜೀರಿಗೆ, ಹಸಿಮೆಣಸು, ಚಿಟಿಕೆ ಇಂಗು ಸಾಕು. ಇದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕೇ ಬೇಕು. ಹತ್ತು ನಿಮಿಷಕ್ಕೆ ಬಂದರೆ ಅನುಮಾನಪಡಿ. ರುಚಿಯಲ್ಲೂ ಗೊತ್ತಾಗುತ್ತದೆ: ಬರೀ ಟೊಮೆಟೊ-ಗೋಡಂಬಿಯ ಗ್ರೇವಿಯಲ್ಲಿ ಹುಳಿ ಮುಂದೆ ನಿಲ್ಲುತ್ತದೆ, ಈರುಳ್ಳಿ ಇದ್ದರೆ ಸಿಹಿ ಬರುತ್ತದೆ. ಬೆಳ್ಳುಳ್ಳಿ ಮಾತ್ರ ಬೆಣ್ಣೆಯಲ್ಲಿ ಮುಚ್ಚಿಹೋಗುತ್ತದೆ, ನಾಲಗೆಯನ್ನು ನಂಬಬೇಡಿ. ಮಧ್ಯಾಹ್ನ ಒಂದರಿಂದ ಎರಡೂವರೆಯ ಗಲಾಟೆಯಲ್ಲಿ ಹೊಸದಾಗಿ ಮಾಡಿಕೊಡಲು ಯಾರೂ ಒಪ್ಪುವುದಿಲ್ಲ. ಒಪ್ಪಿದರು ಅಂದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು.

ಮ್ಯಾನೇಜರ್ ಹತ್ತಿರ ಹೋದರೆ “ಬೇರೆ ಜೈನರು ತಿಂತಾರಲ್ಲ, ಯಾರೂ ಕಂಪ್ಲೇಂಟ್ ಮಾಡಿಲ್ಲ” ಅಂದರು. ಅವರಿಗೂ ಹೇಳದೆ ಬಡಿಸಿದ್ದೀರಿ, ಅದಕ್ಕೇ ಮಾಡಿಲ್ಲ! ಬಿಲ್‌ನಲ್ಲಿ ಒಂದು ರೂಪಾಯಿಯೂ ಇಳಿಸಲಿಲ್ಲ. ಅಷ್ಟರಲ್ಲಿ ಕತ್ತಲಾಯಿತು, ಹಿರಿಯರಿಬ್ಬರೂ ಹಸಿದೇ ಮಲಗಿದರು. ಮನೆಗೆ ಬಂದ ಅತ್ತೆ-ಮಾವನ ಮುಂದೆ ಆದ ಅವಮಾನ ಯಾರ ಹತ್ತಿರ ಹೇಳಲಿ?

ಗ್ರೇವಿಯ ಗೊಡವೆಯೇ ಬೇಡ ಅಂದರೆ ಕೊಡಗಿನ ತಿಂಡಿಗಳೇ ಮೇಲು. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲ ಅಕ್ಕಿಯವು, ಅವುಗಳಿಗೆ ಈರುಳ್ಳಿ ಹಾಕುವುದಿಲ್ಲ. ಜೊತೆಗೆ ಕೊಡುವ ಕರಿ ಬೇಡ ಅನ್ನಿ, ಬೆಲ್ಲ-ತುಪ್ಪ ಕೇಳಿ. ಕೊಡಗಿನ ಜೇನು ಅಂತ ಪ್ರೀತಿಯಿಂದ ಸುರಿಯಲು ಬರುತ್ತಾರೆ, ಜೇನು ಬಿಟ್ಟವರು ಮೊದಲೇ ತಡೆಯಿರಿ. ಮೊಸರನ್ನ ಸುರಕ್ಷಿತ ಅಂದುಕೊಳ್ಳಬೇಡಿ, ತುರಿದ ಕ್ಯಾರೆಟ್ ಮತ್ತು ಹಸಿ ಶುಂಠಿ ಅಲ್ಲೇ ಸಿಗುವುದು.

ಪ್ಯಾಕೆಟ್ ತಿಂಡಿಯದ್ದೂ ಇದೇ ಗೋಳು. ಅಂಗಡಿಯವನು ಹಸಿರು ಚುಕ್ಕೆ ತೋರಿಸಿ “ಪ್ಯೂರ್ ವೆಜ್, ಧೈರ್ಯವಾಗಿ ತಗೊಳ್ಳಿ” ಅಂದ. ಹಸಿರು ಚುಕ್ಕೆ ಹೇಳುವುದು ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಮಾತ್ರ. ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಆಲೂಗಡ್ಡೆ ಎಲ್ಲಕ್ಕೂ ಅದೇ ಚುಕ್ಕೆ. ಹಿಂದೆ ಇರುವ ಪದಾರ್ಥಗಳ ಪಟ್ಟಿ ಓದಿ. ಅಲ್ಲಿ ಬರೀ ‘ಮಸಾಲೆ ಪದಾರ್ಥಗಳು’ ಅಂತ ಇದ್ದರೆ ಬಿಟ್ಟುಬಿಡಿ, ಒಂದೊಂದರ ಹೆಸರು ಬಿಡಿಸಿ ಬರೆಯದೆ ಹೀಗೆ ಒಟ್ಟಾಗಿ ಬರೆಯಲು ನಿಯಮದಲ್ಲೇ ಅವಕಾಶ ಇದೆ. ಬರೀ ‘ಸ್ಟಾರ್ಚ್’ ಅಂತ ಇದ್ದರೆ ಅದು ಜೋಳದ್ದೋ, ಆಲೂಗಡ್ಡೆಯದ್ದೋ, ಮರಗೆಣಸಿನದ್ದೋ ತಿಳಿಯುವುದಿಲ್ಲ.

ಇನ್ನು ರಸ್ತೆ ಬದಿ ಕಣ್ಣೆದುರೇ ಕರಿಯುವ ಬಾಳೆಕಾಯಿ ಚಿಪ್ಸ್. ಬಾಳೆಕಾಯಿ ಸರಿ, ಎಣ್ಣೆ? ಅದೇ ಬಾಣಲೆಯಲ್ಲಿ ಮರಗೆಣಸೂ ಆಲೂಗಡ್ಡೆಯೂ ಬೇಯುತ್ತವೆ. ಕೇಳಿದರೆ “ಎಣ್ಣೆಗೆ ಏನೂ ಅಂಟಲ್ಲ ಮೇಡಂ” ಅನ್ನುತ್ತಾರೆ. ಬೆಳಗ್ಗೆ ಹೊಸ ಎಣ್ಣೆಗೆ ಮೊದಲು ಬಿಡುವುದು ಏನನ್ನು ಅಂತ ಕೇಳಿ, ಬಾಳೆಕಾಯಿ ಅಂದರೆ ಆ ಹೊತ್ತಿಗೇ ಹೋಗಿ ಎದುರಿಗೆ ನಿಂತು ಕಟ್ಟಿಸಿಕೊಳ್ಳಿ.