ರಿಪೋರ್ಟಲ್ಲಿ ಪಾಸ್, ಬಕೆಟ್ಟಲ್ಲಿ ಗುಳ್ಳೆ

ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ಪುಡಿ ಘಟಕ. ಹೋದ ಮಳೆಗಾಲಕ್ಕೆ ಮುಂಚೆ, ವಾಲ್ವ್ ಇರುವ ಕಾಲು ಕೆಜಿ ಪೌಚ್ 8,000 ಚೀನಾದಿಂದ ತರಿಸಿದೆ. 30 ಪರ್ಸೆಂಟ್ ಅಡ್ವಾನ್ಸ್, ಉಳಿದ 70 ಇನ್‌ಸ್ಪೆಕ್ಷನ್ ಪಾಸಾದ ಮೇಲೆ. ಮೂರನೆಯವರು ನೋಡಿ ಹೇಳಿದ ಮೇಲೆ ತಾನೇ ದುಡ್ಡು ಕಳಿಸೋದು ಅಂತ ನೆಮ್ಮದಿಯಾಗಿದ್ದೆ.

ಇನ್‌ಸ್ಪೆಕ್ಷನ್ ಏಜೆನ್ಸಿಗೆ ಕಳಿಸಿದ ಮೇಲ್‌ನಲ್ಲಿ ಇದ್ದದ್ದು ಎರಡೇ ಸಾಲು: ಮಾಲು ನೋಡಿ, ಎಕ್ಯೂಎಲ್ 2.5. ಅಷ್ಟು ಬರೆದರೆ ಎಷ್ಟು ಪೌಚ್ ನೋಡಬೇಕು ಅನ್ನೋದೂ ಅದರಲ್ಲೇ ಬಂತು ಅಂದುಕೊಂಡಿದ್ದೆ. ಬರಲ್ಲ. ಎಕ್ಯೂಎಲ್ ಹೇಳೋದು ಎಷ್ಟು ದೋಷವನ್ನು ಸಹಿಸಿಕೊಳ್ಳಬಹುದು ಅನ್ನೋದನ್ನ. ಎಷ್ಟು ಪೀಸ್ ಎತ್ತಬೇಕು ಅನ್ನೋದನ್ನ ಹೇಳೋದು ಲೆವೆಲ್. ಸ್ಯಾಂಪಲ್ ಎತ್ತಿ ನೋಡುವುದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 2859-1ರ ಕೋಷ್ಟಕದಲ್ಲಿ (ನಮ್ಮ ದೇಶದ ಐಎಸ್ 2500 ಭಾಗ 1ರಲ್ಲೂ ಅದೇ) 8,000ದ ಲಾಟಿಗೆ ಜನರಲ್ ಲೆವೆಲ್ ಎರಡು ಅಂದರೆ 200 ಪೀಸ್, ಲೆವೆಲ್ ಒಂದು ಅಂದರೆ 80. ಸ್ಪೆಷಲ್ ಲೆವೆಲ್ ಎಸ್-3 ಅಂದರೆ ಬರೀ 20. ಮೂರಕ್ಕೂ ಎಕ್ಯೂಎಲ್ 2.5 ಅಂತಲೇ ಬರೆಯಬಹುದು.

ನಮ್ಮ ಮಾಲಿಗೆ ನೋಡಿದ್ದು ಆ ಇಪ್ಪತ್ತೇ.

ಎರಡು ಪುಟದ ಪಿಡಿಎಫ್ ಬಂತು. ಫ್ಯಾಕ್ಟರಿ ಗೇಟಿನ ಫೋಟೋ, ಪೆಟ್ಟಿಗೆಗಳ ಸಾಲು, ತೆರೆದ ಒಂದು ಪೆಟ್ಟಿಗೆ, ಕೊನೆಯಲ್ಲಿ ಹಸಿರು ಬಣ್ಣದಲ್ಲಿ ಪಾಸ್. ನಾನು ಆ ಹಸಿರನ್ನು ಮಾತ್ರ ನೋಡಿ ಅವತ್ತೇ ದುಡ್ಡು ಕಳಿಸಿದೆ.

ಜುಲೈನಲ್ಲಿ ಮಡಿಕೇರಿಯ ಅಂಗಡಿಯಿಂದ ಫೋನ್. ‘ಅಣ್ಣಾ, ನಿಮ್ಮ ಪುಡಿ ಹೆಂಟೆ ಕಟ್ಟಿದೆ.’ ನಮ್ಮ ಮಳೆ ಗೊತ್ತಲ್ಲ, ಬೆಲ್ಟ್ ಕೂಡ ಬೂಸ್ಟು ಹಿಡಿಯುವ ಕಾಲ. ಖಾಲಿ ಪೌಚಿಗೆ ಗಾಳಿ ತುಂಬಿ, ಬಾಯಿ ಸೀಲ್ ಮಾಡಿ, ಜಗಲಿಯಲ್ಲಿ ಬಕೆಟ್ ನೀರಿಟ್ಟು ಮುಳುಗಿಸಿ ಒತ್ತಿ ಹಿಡಿದೆ. ತಳದ ಮಡಿಕೆಯ ಮೂಲೆಯಿಂದ ಒಂದೊಂದೇ ಗುಳ್ಳೆ ಎದ್ದು ಬಂತು. 60ರಲ್ಲಿ 7 ಹೀಗೆ. ಆ ಏಳರಲ್ಲೂ ಮೂಲೆಯನ್ನು ಹೆಬ್ಬೆರಳಲ್ಲಿ ಸವರಿದರೆ ಸೀಲಿನ ಸುಕ್ಕು ಕೈಗೆ ಸಿಗುತ್ತಿತ್ತು. ಅಂದರೆ ಮುಟ್ಟಿ ನೋಡಿದ್ದರೆ ಸಾಕಿತ್ತು, ಯಂತ್ರವೇನೂ ಬೇಕಿರಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ, ‘ಸಾರ್, ನೀವು ಲೆವೆಲ್ ಬರೆದಿಲ್ಲ, ಸೋರಿಕೆ ಪರೀಕ್ಷೆಯನ್ನೂ ಕೇಳಿಲ್ಲ’ ಅಂದರು. ಬೇಜಾರಾಯಿತು, ಆದರೆ ಸುಳ್ಳಲ್ಲ. ಅವರ ಷರತ್ತಿನ ಪ್ರಕಾರ ಹೊಣೆ ಅವರ ಫೀಸಿನ ಮಿತಿಯೊಳಗೇ.

ಆಮೇಲೆ ಲೆಕ್ಕ ಹಾಕಿದೆ. ನೂರಕ್ಕೆ ಹತ್ತು ಪೌಚ್ ಕೆಟ್ಟಿರುವ ಲಾಟಿನಿಂದ 20 ಎತ್ತಿದರೆ ಒಂದು ದೋಷದವರೆಗೆ ಪಾಸ್, ಎರಡಕ್ಕೆ ಫೇಲ್. ಅಂಥ ಲಾಟು ಹತ್ತು ಸಲದಲ್ಲಿ ಹತ್ತಿರ ಹತ್ತಿರ ನಾಲ್ಕು ಸಲ ಪಾಸಾಗಿಬಿಡುತ್ತೆ. 200 ಎತ್ತಿದರೆ ಹತ್ತು ದೋಷದವರೆಗೆ ಪಾಸ್, ಹನ್ನೊಂದಕ್ಕೆ ಫೇಲ್. ಅದೇ ಲಾಟು ನೂರು ಸಲಕ್ಕೆ ಒಂದು ಸಲ ದಾಟುವುದೂ ಕಷ್ಟ. ಆ 20 ಪೌಚನ್ನೂ ಲಾಟಿನ ಎಲ್ಲ ಕಡೆಯಿಂದ ಎತ್ತಿದ್ದರೆ ಈ ಲೆಕ್ಕ. ನಮ್ಮದು ಅದಕ್ಕಿಂತ ಕಡೆ. ಫೋಟೋ ದೊಡ್ಡದು ಮಾಡಿ ನೋಡಿದಾಗ ಕಂಡದ್ದು, 16 ಪೆಟ್ಟಿಗೆಯಲ್ಲಿ ತೆರೆದದ್ದು 3ನೇ ನಂಬರ್ ಒಂದೇ. ನನಗೆ ಕೆಟ್ಟ ಪೌಚ್ ಸಿಕ್ಕಿದ್ದು 9ರಿಂದ ಮುಂದಿನ ಪೆಟ್ಟಿಗೆಗಳಲ್ಲಿ.

ಮುಂದಿನ ಆರ್ಡರಿಗೆ ಮೇಲ್ ಒಂದೂವರೆ ಪುಟ ಆಯಿತು. ಮಾಲು ಪೂರ್ತಿ ತಯಾರಾಗಿ, ಕನಿಷ್ಠ 80 ಪರ್ಸೆಂಟ್ ಪೆಟ್ಟಿಗೆಗೆ ಬಿದ್ದ ಮೇಲೇ ಹೋಗಬೇಕು. ಕಣ್ಣಲ್ಲಿ, ಕೈಯಲ್ಲಿ ನೋಡುವುದಕ್ಕೆ ಲೆವೆಲ್ ಎರಡು, 200 ಪೀಸ್. ಸೀಲಿನ ಸುಕ್ಕು, ವಾಲ್ವ್ ಬಿಟ್ಟಿರುವುದು ಮೇಜರ್ ದೋಷ, ಎಕ್ಯೂಎಲ್ 2.5; ಪ್ರಿಂಟಿನ ಬಣ್ಣದ ಸಣ್ಣ ವ್ಯತ್ಯಾಸ ಮೈನರ್, ಎಕ್ಯೂಎಲ್ 4.0. ನೀರಲ್ಲಿ ಮುಳುಗಿಸುವ ಪರೀಕ್ಷೆಗೆ ಮಾತ್ರ ಎಸ್-2, ಎಂಟು ಪೌಚ್, ಯಾಕಂದರೆ ಮುಳುಗಿಸಿದ್ದು ಮತ್ತೆ ಮಾರಾಟಕ್ಕಲ್ಲ. ಅಲ್ಲಿ ಒಂದು ಸೋರಿದರೂ ಫೇಲ್. ಸಣ್ಣ ಲೆವೆಲ್ ಇರೋದು ಇಂಥ ಕೆಲಸಕ್ಕೇ.

ಪೆಟ್ಟಿಗೆಯನ್ನು ಇನ್‌ಸ್ಪೆಕ್ಟರೇ ಆರಿಸಬೇಕು, ಫ್ಯಾಕ್ಟರಿಯವರು ತಂದಿಟ್ಟದ್ದಲ್ಲ. ಒಟ್ಟು ಪೆಟ್ಟಿಗೆಯ ವರ್ಗಮೂಲದಷ್ಟಾದರೂ, ಅಂದರೆ 16ಕ್ಕೆ 4, ತೆರೆಯಬೇಕು.

ರಿಪೋರ್ಟಿನ ನಮೂನೆಯನ್ನೂ ನಾನೇ ಕಳಿಸಿದೆ. ಮೊದಲ ಪುಟದಲ್ಲೇ ಲಾಟು ಎಷ್ಟು, ಪ್ಯಾಕ್ ಆದದ್ದು ಎಷ್ಟು, ಲೆವೆಲ್ ಯಾವುದು, ಎತ್ತಿದ ಪೀಸ್ ಎಷ್ಟು, ತೆರೆದ ಪೆಟ್ಟಿಗೆ ನಂಬರ್ ಯಾವುವು. ಆಮೇಲೆ ಪ್ರತಿ ದೋಷಕ್ಕೂ ಸಿಕ್ಕ ಸಂಖ್ಯೆ, ಪಕ್ಕದಲ್ಲಿ ಮಿತಿ, ಪೆಟ್ಟಿಗೆ ನಂಬರಿನ ಜೊತೆ ಹತ್ತಿರದ ಫೋಟೋ. ಬರೀ ಪಾಸ್ ಅಂತ ಬರೆದ ರಿಪೋರ್ಟಿಗೆ ಹಣ ಬಿಡುಗಡೆ ಇಲ್ಲ ಅಂತ ಪೌಚ್ ಮಾರುವವರ ಆರ್ಡರಿನಲ್ಲೂ ಬರೆಸಿದೆ. ಅವರು ಸ್ವಲ್ಪ ಗೊಣಗಿದರು.

ಎರಡನೇ ಲಾಟಿನ ರಿಪೋರ್ಟಲ್ಲಿ ಸೀಲಿನ ಸುಕ್ಕು 14, ಮಿತಿ 10, ಫೇಲ್ ಅಂತ ಬಂತು. ಫ್ಯಾಕ್ಟರಿಯವರು ಒಂದೊಂದನ್ನೂ ಆರಿಸಿ ಬೇರೆ ಮಾಡಿಕೊಟ್ಟರು. ಮರುತಪಾಸಣೆಯ ಖರ್ಚು ಅವರದೇ ಅಂತ ಮೊದಲೇ ಬರೆಸಲು ಮರೆತಿದ್ದೆ, ಅದನ್ನು ನಾನೇ ಕೊಟ್ಟೆ.