ಬ್ಯಾಂಡ್ ಕಿರಿದಾದಾಗ: ಎರಡೂ ಕಡೆ ಆರ್ಡರ್ ಹಾಕೋದಾ, ಕ್ಲೋಸ್‌ಗೆ ಕಾಯೋದಾ?

ತುಮಕೂರಿನಲ್ಲಿ ಅಂಗಡಿ ನೋಡಿಕೊಂಡು ಟ್ರೇಡ್ ಮಾಡುವ ಗೆಳೆಯರೊಬ್ಬರ ಪ್ರಶ್ನೆ ಇದು. ಬೋಲಿಂಜರ್ ಬ್ಯಾಂಡ್ ಆರು ತಿಂಗಳಲ್ಲೇ ಅತಿ ಕಿರಿದಾದರೆ ದೊಡ್ಡ ಓಟ ಬರಬಹುದು. ಯಾವ ಕಡೆಗೆ ಅಂತ ಮಾತ್ರ ಅದು ಹೇಳಲ್ಲ.

ಷೇರು 480–500ರ ನಡುವೆ ಸಿಕ್ಕಿಕೊಂಡಿದೆ ಅಂದುಕೊಳ್ಳಿ. 501ಕ್ಕೆ ಖರೀದಿ, 479ಕ್ಕೆ ಮಾರಾಟ ಅಂತ ಸ್ಟಾಪ್ ಆರ್ಡರ್ ಹಾಕಿದರೆ ಓಟ ಶುರುವಾದಾಗಲೇ ಸಿಗುತ್ತದೆ. ಖರೀದಿಗೆ ಸ್ಟಾಪ್‌ಲಾಸ್ 490 ಇಟ್ಟರೆ ರಿಸ್ಕ್ 11 ರೂಪಾಯಿ. ಆದರೆ 503 ಮುಟ್ಟಿ 485ಕ್ಕೆ ಬೀಳುವ ಸುಳ್ಳು ಬ್ರೇಕ್‌ಔಟ್ ಇಲ್ಲಿ ಜಾಸ್ತಿ ಕಚ್ಚುತ್ತದೆ. ಕೈಯಲ್ಲಿ ಷೇರಿಲ್ಲದೆ 479ಕ್ಕೆ ಮಾಡಿದ ಮಾರಾಟವನ್ನು ಮರುದಿನಕ್ಕೂ ಇಟ್ಟುಕೊಳ್ಳಬೇಕಾದರೆ ಫ್ಯೂಚರ್ಸ್ ಬೇಕು.

ದಿನದ ಕ್ಲೋಸ್ ಬ್ಯಾಂಡಿನ ಹೊರಗೆ ಬರಲಿ ಅಂತ ಕಾದರೆ ಅಂಥ ಏಟು ಎಷ್ಟೋ ತಪ್ಪುತ್ತದೆ. ಬೆಲೆ ಮಾತ್ರ ದುಬಾರಿ: 507ಕ್ಕೆ ಕೊಂಡರೆ ರಿಸ್ಕ್ 17, ಹಾಗಾಗಿ ಷೇರು ಕಮ್ಮಿ ಕೊಳ್ಳಬೇಕು. ಗಿರಾಕಿಗಳ ನಡುವೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ದಿನವಿಡೀ ಸ್ಕ್ರೀನ್ ಮುಂದೆ ಕೂತು, ಸಣ್ಣ ನಷ್ಟ ಪದೇಪದೇ ತಡೆದುಕೊಳ್ಳುವವರಿಗೆ ಮೊದಲನೆಯದು ಹೊಂದುತ್ತದೆ.